ಗಾಣದ ಕುಸುಬಿ ಎಣ್ಣಿ ಚಕ್ಕಲಿ ಕರಿಯುವಾಗ ಹೊಗೆ ಬಿಡ್ತದ, ಯಾಕ? ಯಾವ ಎಣ್ಣಿ ಬಳಸಬೇಕು?

ಹಡಪ್ಸರ್ ಅಡಗಿಮನಿ, ಪುಣೆ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ತವರು ವಿಜಯಪುರ ಕಡೆ. ಊರಿಂದ ಯಾರು ಬಂದ್ರೂ ಕಟ್ಟಿಗಿ ಗಾಣದ ಕುಸುಬಿ ಎಣ್ಣಿ ಒಂದು ಡಬ್ಬಿ ತಂದು ಕೊಡತಾರ. ಇಲ್ಲಿ ಮಂದಿ ಅದನ್ನ ಕರಡಈ ತೇಲ್ ಅಂತಾರ. ರೊಟ್ಟಿ, ಶೇಂಗಾ ಚಟ್ನಿ ಮ್ಯಾಲೆ ಹಸಿ ಎಣ್ಣಿ ಹಾಕ್ಕೊಂಡು ತಿನ್ನೂದು ನಮಗ ಮೊದಲಿಂದ ರೂಢಿ. ಈ ಸಲ ದೀಪಾವಳಿಗೆ ಚಕ್ಕಲಿ ಕರಿಯಾಕ ಅದನ್ನೇ ಬಾಣಲೆಗೆ ಹಾಕಿದೆ. ಮೊದಲನೇ ಒಬ್ಬಿ ಬಿಡೂದ್ರಾಗ ತೆಳ್ಳಗ ನೀಲಿ ಹೊಗೆ ಸುರು ಆತು, ಕಣ್ಣು ಉರಿ ಬಂತು. ಪಾಕ ನೋಡೋ ಥರ್ಮಾಮೀಟರ್ ಅದ್ದಿದ್ರ 160 ದಾಟಿ ಸ್ವಲ್ಪ ಮ್ಯಾಲೆ ಇತ್ತು, ಅಷ್ಟೇ. ಚಕ್ಕಲಿಗೆ ಅಷ್ಟು ಕಾವು ಬೇಕೇ ಬೇಕಲ್ಲ?

ಕೆಳಗಿನ ಮನಿ ಅಕ್ಕಾರು ರಿಫೈನ್ಡ್ ಸೂರ್ಯಕಾಂತಿ ತಗೋ, ಅದು ಹೊಗೆ ಬಿಡೋದಿಲ್ಲ, ಹೃದಯಕ್ಕೂ ಒಳ್ಳೇದು ಅಂತಾರ. ನಮ್ಮ ಮೈದುನ ಬ್ಯಾರೆನೇ ಹೇಳತಾನ: ಸ್ಯಾಚುರೇಟೆಡ್ ಇದ್ದ ಎಣ್ಣಿನೇ ಕಾವು ತಡಿಯೂದು, ಕೊಬ್ಬರಿ ಎಣ್ಣಿ ಇಲ್ಲಾ ತುಪ್ಪದಾಗ ಕರಿ ಅಂತಾನ. ನನ್ನ ಪ್ರಶ್ನೆ ಇಷ್ಟೇ. ಹೊಗೆ ಬರೋ ಕಾವಿಗೂ ಈ ಸ್ಯಾಚುರೇಟೆಡ್, ಅನ್‌ಸ್ಯಾಚುರೇಟೆಡ್‌ಗೂ ಏನು ಸಂಬಂಧ? ಡಬ್ಬಿ ಮ್ಯಾಲೆ ಗಾಣದವರು ಒಂದು ಚೀಟಿ ಅಂಟಿಸ್ಯಾರ, ಅದ್ರಾಗ "ಆ್ಯಸಿಡ್ ವ್ಯಾಲ್ಯೂ 2.4" ಅಂತ ಐತಿ. ಅದಕ್ಕೇನರ ಅರ್ಥ ಐತೇನು?

ಕುಂದಾಪ್ರದ ಮಡಗಾಂವ್ಕರ್, ಗೋವಾ

ಅಕ್ಕಾ, ನಿಮ್ಮ ಮೈದುನ ಹೇಳಿದ್ದೇ ಸರಿ. ಸ್ಯಾಚುರೇಟೆಡ್ ಕೊಬ್ಬಿನ ಸರಪಳಿಯಲ್ಲಿ ದ್ವಿಬಂಧಗಳೇ, ಅಂದರೆ ಇಂಗಾಲಗಳ ನಡುವಿನ ಜೋಡಿ ಕೊಂಡಿಗಳೇ ಇಲ್ಲ. ಗಾಳಿಯ ಆಮ್ಲಜನಕ ಬಂದು ಹಿಡಿಯುವುದು ಆ ದ್ವಿಬಂಧದ ಪಕ್ಕದಲ್ಲೇ. ತೆಂಗಿನೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಸ್ಯಾಚುರೇಟೆಡ್, ಹಾಗಾಗಿ ಕಾಯಿಸಿದರೂ ಬೇಗ ಕೆಡುವುದಿಲ್ಲ. ಕೆಡದ ಎಣ್ಣೆ ಹೊಗೆಯನ್ನೂ ತಡವಾಗಿ ಬಿಡುತ್ತದೆ. ನಮ್ಮಲ್ಲಿ ಬಾಳೆಕಾಯಿ ಚಿಪ್ಸು, ಹಲಸಿನ ಹಪ್ಪಳ ಎಲ್ಲ ಇದರಲ್ಲೇ ಕರಿಯುವುದು. ತಿಂಗಳಾದರೂ ಕಮಟು ಬರುವುದಿಲ್ಲ. ಕುಸುಬಿಯಂತಹ ಎಣ್ಣೆಯನ್ನು ಒಲೆಗೆ ಇಡಲೇಬಾರದು.

ತಳೋಜಾ ಲ್ಯಾಬ್, ನವಿ ಮುಂಬಯಿ

ಎಣ್ಣೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಗೋವಾದ ಅಣ್ಣ ಹೇಳಿದ್ದರಲ್ಲಿ ಅರ್ಧ ಬಹಳ ಸರಿ: ಆಮ್ಲಜನಕ ದ್ವಿಬಂಧದ ಪಕ್ಕದಲ್ಲಿ ಹಿಡಿಯುತ್ತದೆ, ಚಿಪ್ಸು ಡಬ್ಬಿಯಲ್ಲಿ ಕಮಟಾಗದೆ ಉಳಿಯುವುದು ಅದಕ್ಕೇ. ಆದರೆ ಹೊಗೆಯ ಮಾತು ಬೇರೆ. ಎಣ್ಣೆ ಗಾಳಿಗೆ ಕೆಡುವುದಕ್ಕೂ ಕಾವಿಗೆ ಹೊಗೆಯಾಡುವುದಕ್ಕೂ ಕಾರಣ ಒಂದೇ ಅಲ್ಲ.

ಮೊದಲು ಅಕ್ಕನವರ ಚೀಟಿ ನೋಡೋಣ, ಉತ್ತರ ಅದರಲ್ಲೇ ಇದೆ. ಎಣ್ಣೆ ಎಂದರೆ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್‌ಗೆ ಅಂಟಿಕೊಂಡ ಕಣ. ಆ ಕಣ ದೊಡ್ಡದು, ಭಾರ. ಬಾಣಲೆಯ ಕಾವಿಗೆ ಅದು ಆವಿಯಾಗುವುದಿಲ್ಲ. ಆದರೆ ಬೀಜ ಒದ್ದೆಯಾಗಿದ್ದರೆ, ಒಡೆದಿದ್ದರೆ, ಹಳೆಯದಾಗಿದ್ದರೆ, ಬೀಜದೊಳಗಿನ ಕಿಣ್ವವೇ ಕೆಲವು ಕೊಬ್ಬಿನಾಮ್ಲಗಳನ್ನು ಕಿತ್ತು ಬಿಡಿ ಮಾಡಿಟ್ಟಿರುತ್ತದೆ. ಈ ಬಿಡಿ ಕೊಬ್ಬಿನಾಮ್ಲ ಹಗುರ. ಕಾವಿಗೆ ಮೊದಲು ಎದ್ದು ಬರುವುದು ಅದು, ಕಣ್ಣಿಗೆ ಹೊಗೆಯಾಗಿ ಕಾಣುವುದು ಬಹುಪಾಲು ಅದು. ಕಾವು ಇನ್ನೂ ಏರಿದರೆ ಗ್ಲಿಸರಾಲ್ ಒಡೆದು ಅಕ್ರೋಲೀನ್ ಆಗುತ್ತದೆ. ಕಣ್ಣು ಉರಿಸುವುದರಲ್ಲಿ ಅದರ ಪಾಲು ದೊಡ್ಡದು.

ಆ್ಯಸಿಡ್ ವ್ಯಾಲ್ಯೂ ಅಳೆಯುವುದು ಇದೇ ಬಿಡಿ ಆಮ್ಲವನ್ನು. ಆ ಅಂಕಿಯನ್ನು ಅರ್ಧ ಮಾಡಿದರೆ ನೂರಕ್ಕೆ ಎಷ್ಟು ಬಿಡಿ ಆಮ್ಲ ಇದೆಯೆಂದು ಸುಮಾರಾಗಿ ತಿಳಿಯುತ್ತದೆ. ನಿಮ್ಮ 2.4 ಎಂದರೆ ನೂರಕ್ಕೆ 1.2. ನೂರಕ್ಕೆ 1ರಷ್ಟು ಬಿಡಿ ಆಮ್ಲ ಇರುವ ಎಣ್ಣೆ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊಗೆ ಬಿಡುತ್ತದೆ. ನಿಮ್ಮ ಥರ್ಮಾಮೀಟರ್ ತೋರಿಸಿದ್ದೂ ಅದೇ. ಅದೇ ಎಣ್ಣೆಯನ್ನು ಕಾರ್ಖಾನೆಯಲ್ಲಿ ಶುದ್ಧ ಮಾಡಿ ಬಿಡಿ ಆಮ್ಲವನ್ನು ನೂರಕ್ಕೆ 0.05ಕ್ಕೆ ಇಳಿಸಿದರೆ 210 ದಾಟುವವರೆಗೂ ಹೊಗೆ ಏಳುವುದಿಲ್ಲ.

ಪುಸ್ತಕದ ಪಟ್ಟಿಗಳಲ್ಲಿ ಕುಸುಬಿಯನ್ನೇ ಹುಡುಕಿ ನೋಡಿ. ಶುದ್ಧೀಕರಿಸದ್ದಕ್ಕೆ 107 ಡಿಗ್ರಿ, ಶುದ್ಧೀಕರಿಸಿದ್ದಕ್ಕೆ 266 ಎಂದು ಬರೆದಿರುತ್ತಾರೆ. ಆ ಅಂಕಿಗಳನ್ನು ಹಾಗೇ ನಂಬಬೇಡಿ. ಹೊಗೆಯ ಎಳೆ ಮೊದಲು ಕಂಡ ಕ್ಷಣವನ್ನು ಕಣ್ಣಿನಿಂದಲೇ ಹಿಡಿಯುವ ಪರೀಕ್ಷೆ ಅದು, ಮೇಲಾಗಿ ಗಾಣದಿಂದ ಗಾಣಕ್ಕೆ ಎಣ್ಣೆ ಬೇರೆ. ಆದರೆ ಒಂದು ಮಾತು ನಿಲ್ಲುತ್ತದೆ. ಎರಡರಲ್ಲೂ ಸ್ಯಾಚುರೇಟೆಡ್ ಎಷ್ಟು, ಅನ್‌ಸ್ಯಾಚುರೇಟೆಡ್ ಎಷ್ಟು ಎಂಬುದು ಒಂದೇ. ಬದಲಾದದ್ದು ಶುದ್ಧೀಕರಣ ಮಾತ್ರ.

ಕುಂದಾಪ್ರದ ಮಡಗಾಂವ್ಕರ್, ಗೋವಾ

ಹಾಗಾದರೆ ತೆಂಗಿನೆಣ್ಣೆ ಹೊಗೆ ತಡೆಯುವುದಿಲ್ಲ ಅಂತೀರಾ ಸರ್? ನಾವು ದಿನಾ ನೋಡುವುದಲ್ವಾ?

ತಳೋಜಾ ಲ್ಯಾಬ್, ನವಿ ಮುಂಬಯಿ

ಒಳ್ಳೆಯ ಕೊಬ್ಬರಿಯಿಂದ ತೆಗೆದ ಹಸಿ ತೆಂಗಿನೆಣ್ಣೆ 175ರ ಸುತ್ತಮುತ್ತ ಹೊಗೆ ಬಿಡುತ್ತದೆ, ರಿಫೈನ್ಡ್ ಆದರೆ 200 ದಾಟುತ್ತದೆ. ನೂರಕ್ಕೆ ಹತ್ತು ಹನ್ನೊಂದೇ ಸ್ಯಾಚುರೇಟೆಡ್ ಇರುವ ರಿಫೈನ್ಡ್ ಸೂರ್ಯಕಾಂತಿ 225ರವರೆಗೆ ಹೋಗುತ್ತದೆ. ನಿಮ್ಮ ಲೆಕ್ಕ ಸರಿಯಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ತೆಂಗಿನೆಣ್ಣೆಯ ಅರ್ಧದ ಹತ್ತಿರ ಲಾರಿಕ್ ಆಮ್ಲ, ಅದು ಗಿಡ್ಡ ಸರಪಳಿ. ಅದಕ್ಕಿಂತ ಗಿಡ್ಡದವೂ ಸ್ವಲ್ಪ ಇವೆ. ಅವು ಬಿಡಿಯಾದರೆ ಸೂರ್ಯಕಾಂತಿಯ ಉದ್ದ ಸರಪಳಿಗಿಂತ ಕಡಿಮೆ ಕಾವಿಗೇ ಆವಿಯಾಗಿ ಎದ್ದು ಬರುತ್ತವೆ. ನಿಮ್ಮ ಚಿಪ್ಸು 165, 170ರಲ್ಲಿ ಬೇಯುತ್ತದೆ, ಹಾಗಾಗಿ ನಿಮಗೆ ಹೊಗೆ ಕಾಣುವುದಿಲ್ಲ.

ಡೊಂಬಿವ್ಲಿ ಅಜ್ಜಿ

ನನಗೊಂದು ಕೇಳಬೇಕಿತ್ತು. ಯಜಮಾನರಿಗೆ ಸ್ಟೆಂಟ್ ಹಾಕಿದ್ದಾರೆ. ಡಾಕ್ಟರು ತುಪ್ಪ ಬಿಡಿ ಅಂದರು. ಎಣ್ಣೆ ಹೊಗೆ ಬರುವಷ್ಟು ಕಾಯಿಸಿದರೆ ಅದರಲ್ಲಿ ಕೊಲೆಸ್ಟರಾಲ್ ಹುಟ್ಟುತ್ತದೆ ಅಂತ ಯಾರೋ ಹೇಳಿದರು. ಹಾಗಾಗಿ ಒಗ್ಗರಣೆಗೆ ಸಾಸಿವೆ ಸಿಡಿಸುವುದನ್ನೇ ನಿಲ್ಲಿಸಿದ್ದೇನೆ. ಸರಿಯೇ?

ಥಾಣೆ ಪಥ್ಯ

ಅಮ್ಮಾ, ಸಾಸಿವೆ ಸಿಡಿಸಿ. ಗಿಡದ ಎಣ್ಣೆಯಲ್ಲಿ ಕೊಲೆಸ್ಟರಾಲ್ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ, ಕಾಯಿಸಿದರೆ ಹುಟ್ಟುವುದೂ ಇಲ್ಲ. ನಾನು ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಕೆಲಸದಲ್ಲಿದ್ದೇನೆ, ಈ ಪ್ರಶ್ನೆ ಬಹಳ ಮಂದಿ ಕೇಳುತ್ತಾರೆ. ಡಾಕ್ಟರು ತುಪ್ಪ ಬೇಡ ಅಂದದ್ದಕ್ಕೆ ಕಾರಣ ಅದರ ಸ್ಯಾಚುರೇಟೆಡ್ ಕೊಬ್ಬು, ನೂರಕ್ಕೆ ಅರವತ್ತಕ್ಕಿಂತ ಮೇಲೆ. ಅದು ಹೆಚ್ಚಾದರೆ ಯಕೃತ್ತು ರಕ್ತದಿಂದ ಕೆಟ್ಟದ್ದು ಎನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ, ರಕ್ತದಲ್ಲಿ ಅದು ಏರುತ್ತದೆ. ತಿಂದ ಪದಾರ್ಥದಲ್ಲಿ ಕೊಲೆಸ್ಟರಾಲ್ ಇಲ್ಲದಿದ್ದರೂ ಹೀಗಾಗಬಹುದು. ಪ್ಯಾಕೆಟ್ ಮೇಲೆ "ಕೊಲೆಸ್ಟರಾಲ್ ಇಲ್ಲ" ಅಂತ ದೊಡ್ಡದಾಗಿ ಬರೆದಿದ್ದರೂ ಹಿಂದೆ ಸ್ಯಾಚುರೇಟೆಡ್ ಎಷ್ಟು ಅಂತ ನೋಡಲೇಬೇಕು.

ತುಪ್ಪದ ಹೊಗೆ ಬಿಂದು 250ರ ಹತ್ತಿರ, ಬಹಳ ಮೇಲೆ. ಬೆಣ್ಣೆಯಲ್ಲಿದ್ದ ಹಾಲಿನಂಶ, ನೀರು ಕಾಯಿಸಿ ತೆಗೆದದ್ದರಿಂದ ಅಷ್ಟು. ಅದನ್ನೇ ನೋಡಿ ಹೃದಯಕ್ಕೆ ಒಳ್ಳೆಯದು ಅಂದುಕೊಂಡರೆ ಆಗದು. ನಿಮ್ಮ ಮನೆಗೆ ಮುಖ್ಯವಾದ ಅಂಕಿ ಬೇರೆ.

ಡೊಂಬಿವ್ಲಿ ಅಜ್ಜಿ

ಬಹಳ ಉಪಕಾರವಾಯಿತು. ಇವತ್ತಿನ ಸಾರಿಗೇ ಒಗ್ಗರಣೆ ಹಾಕುತ್ತೇನೆ.

ಮಾಟುಂಗಾ ವಡೆ

ನಮ್ಮದು ಉಡುಪಿ ಹೋಟೆಲು, ಮೂರನೇ ತಲೆಮಾರು. ಇಲ್ಲಿ ಎಲ್ಲರೂ ಹೊಗೆಯ ಮಾತನ್ನೇ ಆಡುತ್ತಿದ್ದೀರಿ. ನಮ್ಮ ಅನುಭವದಲ್ಲಿ ಹೊಗೆ ಕಾಣುವಷ್ಟರಲ್ಲಿ ಎಣ್ಣೆ ಯಾವತ್ತೋ ಹೋಗಿರುತ್ತದೆ ಮಾರಾಯ್ರೆ. ಒಮ್ಮೆ ತಾಳೆ ಎಣ್ಣೆ ಬಿಟ್ಟು ರಿಫೈನ್ಡ್ ಸೂರ್ಯಕಾಂತಿಯಲ್ಲಿ ಉದ್ದಿನ ವಡೆ ಹಾಕಿ ನೋಡಿದ್ದೆವು. ಬೆಳಿಗ್ಗೆ ಚೆಂದ, ಹೊಗೆಯ ಸುಳಿವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಣಲೆಯ ಅಂಚಿನಲ್ಲಿ ಎಣ್ಣೆ ನಿಲ್ಲುವ ಗೆರೆಯುದ್ದಕ್ಕೂ ಹಳದಿ ಗೋಂದು ಕಟ್ಟಿತು, ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ವಡೆ ಬಿಟ್ಟಾಗ ಏಳುವ ನೊರೆ ವಡೆ ತೆಗೆದ ಮೇಲೂ ಇಳಿಯಲಿಲ್ಲ, ಸಣ್ಣ ಸಣ್ಣ ಗುಳ್ಳೆ ಹಾಗೇ ನಿಂತಿತು. ಅಷ್ಟಾದರೂ ಹೊಗೆ ಇಲ್ಲ! ಎಣ್ಣೆ ಕೆಟ್ಟಾಗ ಹುಟ್ಟುವ ಪೋಲಾರ್ ಪದಾರ್ಥ ಅಳೆಯುವ ಮೀಟರ್ ಅದ್ದಿದರೆ ಕೆಂಪು ಲೈಟು. 2018ರಿಂದ ಆ ಪದಾರ್ಥ ನೂರಕ್ಕೆ 25 ದಾಟಿದ ಎಣ್ಣೆ ಬಳಸುವ ಹಾಗಿಲ್ಲ ಅಂತ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ, ಆದ್ದರಿಂದ ಮೀಟರ್ ಇಟ್ಟುಕೊಂಡಿದ್ದೇವೆ. ಕೆಟ್ಟ ಎಣ್ಣೆ ಬಯೋಡೀಸೆಲ್‌ನವರು ತೆಗೆದುಕೊಂಡು ಹೋಗುತ್ತಾರೆ.

ತಳೋಜಾ ಲ್ಯಾಬ್, ನವಿ ಮುಂಬಯಿ

ಹೋಟೆಲಿನವರು ಹೇಳಿದ್ದು ಈ ಇಡೀ ಚರ್ಚೆಯ ತಿರುಳು. ಅಂಚಿನ ಗೋಂದು, ಇಳಿಯದ ನೊರೆ, ಇವೆರಡೂ ಸೂರ್ಯಕಾಂತಿಯ ಲಿನೋಲಿಕ್ ಆಮ್ಲದ ಕೆಲಸ. ಅದರಲ್ಲಿ ಎರಡು ದ್ವಿಬಂಧ. ಅವೆರಡರ ನಡುವೆ ಇರುವ ಇಂಗಾಲದಿಂದ ಹೈಡ್ರೋಜನ್ ಬಹಳ ಸುಲಭವಾಗಿ ಕಿತ್ತು ಬರುತ್ತದೆ, ಆಮ್ಲಜನಕ ಅಲ್ಲಿ ಬಂದು ಕೂರುತ್ತದೆ. ಒಂದೇ ದ್ವಿಬಂಧ ಇರುವ ಓಲಿಕ್ ಆಮ್ಲಕ್ಕಿಂತ ಇದು ಹತ್ತು ಪಟ್ಟು, ಅದಕ್ಕೂ ಹೆಚ್ಚು ಬೇಗ ಕೆಡುತ್ತದೆ. ಕೆಟ್ಟ ತುಂಡುಗಳು ಒಂದಕ್ಕೊಂದು ಅಂಟಿದರೆ ಆ ಗೋಂದು. ಒಡೆದರೆ ಆಲ್ಡಿಹೈಡ್‌ಗಳು, ಕಮಟು ವಾಸನೆ ಅವುಗಳದ್ದೇ. ಇದಾವುದಕ್ಕೂ ಎಣ್ಣೆ ಹೊಗೆಯಾಡುವವರೆಗೆ ಕಾಯಬೇಕಿಲ್ಲ, 170ರಲ್ಲೇ ನಡೆಯುತ್ತಿರುತ್ತದೆ.

ಈಗ ಕುಸುಬಿಗೆ ಬರೋಣ. ಅದರಲ್ಲಿ ಲಿನೋಲಿಕ್ ನೂರಕ್ಕೆ 75ರ ಹತ್ತಿರ, ಸೂರ್ಯಕಾಂತಿಗಿಂತಲೂ ಹೆಚ್ಚು. ಅಂದರೆ ಅಕ್ಕನವರು ಇದನ್ನು ಬಿಟ್ಟು ರಿಫೈನ್ಡ್ ಕುಸುಬಿ ತಂದರೆ ಹೊಗೆ ನಿಲ್ಲುತ್ತದೆ, ಗೋಂದು ನಿಲ್ಲುವುದಿಲ್ಲ. ಚಕ್ಕಲಿಗೆ ಇನ್ನೊಂದು ತೊಂದರೆ ಇದೆ. ಅದು ಹೀರಿದ ಎಣ್ಣೆ ಅದರೊಳಗೇ ಇರುತ್ತದೆ, ಡಬ್ಬಿಯಲ್ಲಿ ವಾರಗಟ್ಟಲೆ. ಲಿನೋಲಿಕ್ ಹೆಚ್ಚಿದ್ದಷ್ಟೂ ಚಕ್ಕಲಿ ಬೇಗ ಕಮಟಾಗುತ್ತದೆ. ಶೇಂಗಾ ಎಣ್ಣೆಯಲ್ಲಿ ಓಲಿಕ್ ಅರ್ಧದ ಹತ್ತಿರ, ಲಿನೋಲಿಕ್ ಸುಮಾರು 30, ಸ್ಯಾಚುರೇಟೆಡ್ 20ರೊಳಗೆ. ಮನೆಯಲ್ಲಿ ಕರಿಯಲು ನಾನು ಇದನ್ನೇ ಹೇಳುತ್ತೇನೆ. ಅಕ್ಕಿ ತೌಡಿನ ಎಣ್ಣೆಯೂ ಇದರ ಆಸುಪಾಸೇ.

ಹಡಪ್ಸರ್ ಅಡಗಿಮನಿ, ಪುಣೆ

ಸರ್, ಈಗ ತಿಳೀತು. ಹಂಗಾರ ಎರಡು ಮಾತು ಕೇಳತೇನಿ. ಶೇಂಗಾ ಎಣ್ಣಿ ಅರ್ಧ, ಕುಸುಬಿ ಅರ್ಧ ಕೂಡಿಸಿದ್ರ ನಡೀತೇತೇನು? ಕುಸುಬಿ ಡಬ್ಬಿ ತುಂಬ ಐತಿ, ಚೆಲ್ಲಾಕ ಮನಸ್ಸಿಲ್ಲ. ಮತ್ತ ನಮ್ಮ ಅತ್ತಿ ಎಣ್ಣಿ ಒಂದು ಸಲ ಹೊಗೆ ಬರೂ ಮಟ ಕಾಯಿಸಿ, ಆರಿಸಿ, ಆಮ್ಯಾಲೆ ಕರೀತಿದ್ರು. ಹಸಿ ವಾಸನಿ ಹೋಗತೈತಿ ಅಂತಿದ್ರು. ಹಂಗ ಮಾಡಿದ್ರ ಆ ಬಿಡಿ ಆಮ್ಲ ಹೋಗೂದಿಲ್ಲೇನು?

ತಳೋಜಾ ಲ್ಯಾಬ್, ನವಿ ಮುಂಬಯಿ

ಕೂಡಿಸಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. ನಿಮ್ಮ ಕುಸುಬಿಯ ಬಿಡಿ ಆಮ್ಲ ನೂರಕ್ಕೆ 1.2, ರಿಫೈನ್ಡ್ ಶೇಂಗಾದ್ದು 0.05 ಎಂದಿಟ್ಟುಕೊಳ್ಳಿ. ಸಮ ಸಮ ಬೆರೆಸಿದರೆ 0.6ರ ಮೇಲೆ ಉಳಿಯುತ್ತದೆ. ಅಷ್ಟಿದ್ದರೆ ಹೊಗೆ 170ರ ಹತ್ತಿರವೇ ಸುರು. ಶೇಂಗಾದ 220, ಕುಸುಬಿಯ 160 ಸೇರಿ ನಡುವಿನ 190 ಸಿಗುತ್ತದೆ ಎಂದು ಎಣಿಸಬೇಡಿ. ಮೊದಲ ಸ್ವಲ್ಪ ಬಿಡಿ ಆಮ್ಲಕ್ಕೇ ಹೊಗೆ ಬಿಂದು ದಡದಡ ಇಳಿದುಬಿಡುತ್ತದೆ, ಆಮೇಲೆ ಸೇರಿದ್ದಕ್ಕೆ ನಿಧಾನ. ಲಿನೋಲಿಕ್ ಕೂಡ ಐವತ್ತರ ಮೇಲೇ ನಿಲ್ಲುತ್ತದೆ. ಬೆರೆಸಿ ನೀವು ಗಳಿಸುವುದು ಕಡಿಮೆ, ಒಳ್ಳೆಯ ಶೇಂಗಾ ಎಣ್ಣೆ ಕಳೆದುಕೊಳ್ಳುವುದು ಹೆಚ್ಚು.

ಅತ್ತೆಯವರ ಕ್ರಮದಲ್ಲಿ ಹಸಿ ವಾಸನೆ ಹೋಗುವುದು ನಿಜ, ವಾಸನೆಯ ಕಣಗಳು ಹಾರಿಹೋಗುತ್ತವೆ. ಬಿಡಿ ಆಮ್ಲ ಹಾಗೆ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ತೆಗೆಯಲು ಕ್ಷಾರ ಹಾಕಿ ಸೋಪು ಮಾಡಿ ಬೇರ್ಪಡಿಸುತ್ತೇವೆ, ಇಲ್ಲವೇ ಗಾಳಿ ತೆಗೆದ ಪಾತ್ರೆಯಲ್ಲಿ ಬಹಳ ಕಾವಿನಲ್ಲಿ ಉಗಿ ಹಾಯಿಸುತ್ತೇವೆ. ಆ ಪಾತ್ರೆಯಲ್ಲಿ ಆಮ್ಲಜನಕ ಇಲ್ಲ, ನಿಮ್ಮ ಬಾಣಲೆಯ ಮೇಲೆ ಇದೆ. ಕುಸುಬಿಯನ್ನು ಹಾಗೆ ಕಾಯಿಸಿದರೆ ಕರಿಯುವ ಮೊದಲೇ ಅದು ಕೆಡಲು ತೊಡಗುತ್ತದೆ.

ಕುಸುಬಿ ಚೆಲ್ಲಬೇಡಿ. ನೀವು ಮೊದಲೇ ಹೇಳಿದ ಹಾಗೆ ರೊಟ್ಟಿ, ಚಟ್ನಿ ಮೇಲೆ ಹಸಿಯಾಗಿ ಹಾಕಿಕೊಳ್ಳಿ. ಅದಕ್ಕೆ ಅಷ್ಟು ಒಳ್ಳೆಯ ಎಣ್ಣೆ ಮತ್ತೊಂದು ನನಗೆ ಗೊತ್ತಿಲ್ಲ. ಬಿಸಿಲು ಬೀಳದ ಕಡೆ, ಮುಚ್ಚಳ ಗಟ್ಟಿ ಹಾಕಿ ಇಡಿ. ದೊಡ್ಡ ಡಬ್ಬಿಯಿಂದ ಚಿಕ್ಕ ಬಾಟಲಿಗಳಿಗೆ ಕುತ್ತಿಗೆವರೆಗೆ ತುಂಬಿಟ್ಟರೆ ಮೇಲೆ ಗಾಳಿ ಉಳಿಯುವುದಿಲ್ಲ.

ಮಾಟುಂಗಾ ವಡೆ

ಅಕ್ಕಾ, ಬಾಣಲೆ ಯಾವುದು ನಿಮ್ಮದು? ನಮ್ಮಜ್ಜನ ಕಾಲದ ಹಿತ್ತಾಳೆ ಬಾಣಲೆಯಲ್ಲಿ ಎಣ್ಣೆ ಬಹಳ ಬೇಗ ಕಪ್ಪಾಗುತ್ತಿತ್ತು. ಸ್ಟೀಲಿಗೆ ಬದಲಾಯಿಸಿದ ಮೇಲೆ ವ್ಯತ್ಯಾಸ ಕಣ್ಣಿಗೇ ಕಂಡಿತು.

ತಳೋಜಾ ಲ್ಯಾಬ್, ನವಿ ಮುಂಬಯಿ

ತಾಮ್ರ ಸ್ವಲ್ಪ ಬೆರೆತರೂ ಎಣ್ಣೆ ಕೆಡುವ ವೇಗ ಏರುತ್ತದೆ. ಹಿತ್ತಾಳೆಯಲ್ಲಿ ಇರುವುದು ಹೆಚ್ಚು ತಾಮ್ರವೇ. ಕಲಾಯಿ ಹೋದ ಹಿತ್ತಾಳೆಯಲ್ಲಿ ಕರಿಯಲೇಬೇಡಿ. ಕಬ್ಬಿಣವೂ ಇದೇ ಕೆಲಸ ಮಾಡುತ್ತದೆ, ತಾಮ್ರದಷ್ಟಲ್ಲ. ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆ ಪರವಾಗಿಲ್ಲ, ಆದರೆ ಕರಿದ ಎಣ್ಣೆಯನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ.

ಥಾಣೆ ಪಥ್ಯ

ಸರ್ ಹೇಳಿದ ರಸಾಯನಶಾಸ್ತ್ರಕ್ಕೆ ನನ್ನ ತಕರಾರಿಲ್ಲ. ಒಂದು ಕಡೆ ಮಾತ್ರ ತಡೆಯುತ್ತೇನೆ. ಇದನ್ನು ಓದಿದವರು ಲಿನೋಲಿಕ್ ಎಂದರೆ ಕೆಟ್ಟದ್ದು ಅಂದುಕೊಂಡು ದಿನದ ಪಲ್ಯಕ್ಕೂ ತೆಂಗಿನೆಣ್ಣೆ, ತಾಳೆ ಎಣ್ಣೆಗೆ ತಿರುಗಿದರೆ ನನಗೆ ಚಿಂತೆ. ಮನೆಯಲ್ಲಿ ಒಂದು ಚಮಚ ಸೂರ್ಯಕಾಂತಿಯಲ್ಲಿ ಹತ್ತು ನಿಮಿಷ ಪಲ್ಯ ಬೇಯಿಸುವುದು ಬೇರೆ, ಹೋಟೆಲಿನ ಬಾಣಲೆ ದಿನವಿಡೀ ಕಾಯುವುದು ಬೇರೆ. ಪಲ್ಯದಲ್ಲಿ ನೀರಿರುವವರೆಗೆ ಕಾವು 100 ದಾಟುವುದೇ ಕಷ್ಟ. ಸ್ಯಾಚುರೇಟೆಡ್ ಕೊಬ್ಬಿನ ಬದಲು ಲಿನೋಲಿಕ್ ತಿಂದರೆ ಎಲ್‌ಡಿಎಲ್ ಇಳಿಯುತ್ತದೆ ಎಂಬುದಕ್ಕೆ ಬಹಳ ಗಟ್ಟಿ ಆಧಾರ ಇದೆ. ತೆಂಗಿನೆಣ್ಣೆಯನ್ನು ಬೇರೆ ಗಿಡದೆಣ್ಣೆಗಳ ಜೊತೆ ಹೋಲಿಸಿದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗಲೂ ತೆಂಗಿನೆಣ್ಣೆ ತಿಂದವರ ಎಲ್‌ಡಿಎಲ್ ಮೇಲೆಯೇ ಇತ್ತು. ಸ್ಯಾಚುರೇಟೆಡ್ ಕೊಬ್ಬು ದಿನದ ಶಕ್ತಿಯ ನೂರಕ್ಕೆ 10ರೊಳಗೆ ಇರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಸುಮ್ಮನೆ ಬಂದದ್ದಲ್ಲ.

ಕುಂದಾಪ್ರದ ಮಡಗಾಂವ್ಕರ್, ಗೋವಾ

ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕೂಡ ಏರುತ್ತದಲ್ಲ ಮೇಡಂ, ಅದನ್ನು ಯಾಕೆ ಹೇಳುವುದಿಲ್ಲ? ಹೊಗೆಯ ವಿಷಯ ನಾನು ಒಪ್ಪಿದೆ. ಆದರೆ ಕರಾವಳಿಯಲ್ಲಿ ತಲೆತಲಾಂತರದಿಂದ ಇದನ್ನೇ ತಿಂದು ಎಂಬತ್ತು, ತೊಂಬತ್ತು ದಾಟಿದವರಿದ್ದಾರೆ.

ಥಾಣೆ ಪಥ್ಯ

ಏರುತ್ತದೆ, ಹೌದು. ಆದರೆ ಎಚ್‌ಡಿಎಲ್ ಏರಿಸಿದ್ದಕ್ಕೇ ಹೃದಯಾಘಾತ ಕಡಿಮೆಯಾಗುತ್ತದೆ ಎಂದು ಔಷಧಗಳ ಪ್ರಯೋಗದಲ್ಲಿ ಕಾಣಲಿಲ್ಲ, ಎಲ್‌ಡಿಎಲ್ ಇಳಿಸಿದ್ದಕ್ಕೆ ಕಂಡಿದೆ. ಹಿಂದಿನವರು ತೆಂಗಿನ ಜೊತೆ ಕುಚ್ಚಲಕ್ಕಿ, ಮೀನು, ಸೊಪ್ಪು ತಿನ್ನುತ್ತಿದ್ದರು, ಗದ್ದೆಯಲ್ಲಿ ದುಡಿಯುತ್ತಿದ್ದರು, ಕರಿದದ್ದು ಹಬ್ಬಕ್ಕೆ ಮಾತ್ರ. ಅದರಲ್ಲಿ ಎಣ್ಣೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಹೇಗೆ? ವರ್ಷಕ್ಕೊಮ್ಮೆ ತೆಂಗಿನೆಣ್ಣೆಯಲ್ಲಿ ಚಕ್ಕಲಿ ಕರಿದರೆ ನಾನು ಬೇಡ ಎನ್ನುವುದಿಲ್ಲ. ದಿನಾ ಬಳಸುವ ಎಣ್ಣೆಯ ಬಗ್ಗೆ ನನ್ನ ಮಾತು.

ಕುಂದಾಪ್ರದ ಮಡಗಾಂವ್ಕರ್, ಗೋವಾ

ದಿನಾ ಬಳಸುವುದನ್ನೂ ನಾನು ಬಿಡಲಾರೆ. ಪ್ರಮಾಣ ಕಡಿಮೆ ಮಾಡಬಹುದು, ಅಷ್ಟು ಒಪ್ಪುತ್ತೇನೆ.

ಹಡಪ್ಸರ್ ಅಡಗಿಮನಿ, ಪುಣೆ

ನಾ ಶೇಂಗಾ ಎಣ್ಣಿ ತರಸ್ತೇನಿ. ಒಂದೇ ಒಂದು ಉಳೀತು ಸರ್. ಇಲ್ಲಿ ಪುಣೆದಾಗ ಲಾಕಡಿ ಘಾಣಾ ಶೇಂಗಾ ಎಣ್ಣಿ ಬೇಕಾದಷ್ಟು ಸಿಗತೈತಿ. ವಾಸನಿ ಅದರದ್ದೇ ಚಲೋ. ರಿಫೈನ್ಡೇ ಆಗಬೇಕೇನು? ಚಕ್ಕಲಿ ಕರದ ಎಣ್ಣಿ ಆಮ್ಯಾಲೆ ಏನು ಮಾಡಲಿ?

ತಳೋಜಾ ಲ್ಯಾಬ್, ನವಿ ಮುಂಬಯಿ

ರಿಫೈನ್ಡೇ ಆಗಬೇಕೆಂದಿಲ್ಲ. ಗಾಣದವರ ಹತ್ತಿರ ಆ್ಯಸಿಡ್ ವ್ಯಾಲ್ಯೂ ಕೇಳಿ. ಒಣಗಿದ, ಗಟ್ಟಿ ಶೇಂಗಾ ಆರಿಸಿ ತೆಗೆದ ಹೊಸ ಎಣ್ಣೆ 1ಕ್ಕಿಂತ ಕೆಳಗೆ ಇರುವುದುಂಟು. ಅಷ್ಟಿದ್ದರೆ 165ಕ್ಕೆ ಕರಿಯಬಹುದು, ಕಾವು ಮೀರದ ಹಾಗೆ ಉರಿ ನೋಡಿಕೊಂಡರೆ ಸಾಕು. ಚೀಟಿ ಇಲ್ಲದಿದ್ದರೆ ಚಿಕ್ಕ ಸ್ಟೀಲ್ ಪಾತ್ರೆಯಲ್ಲಿ ಎರಡು ಬೆರಳು ಎಣ್ಣೆ ಹಾಕಿ, ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಟಾರ್ಚ್ ಬೆಳಕು ಹಿಡಿದು ಸಣ್ಣ ಉರಿಯಲ್ಲಿ ಕಾಯಿಸಿ. ಥರ್ಮಾಮೀಟರ್ ತಳಕ್ಕೆ ತಾಗದಿರಲಿ, ಬಟ್ಟೆ ಉರಿಯಿಂದ ದೂರ ಇರಲಿ. ಒಂದೇ ಸಮನೆ ತೆಳು ನೀಲಿ ಎಳೆ ಏಳತೊಡಗಿದ ಕಾವನ್ನು ಬರೆದುಕೊಂಡು ಒಲೆ ಆರಿಸಿಬಿಡಿ. 190 ದಾಟಿದರೆ ಆ ಎಣ್ಣೆ ಚಕ್ಕಲಿಗೆ ಧಾರಾಳ.

ಕರಿದ ಮೇಲೆ ಎಣ್ಣೆ ಪೂರ್ತಿ ಆರಲಿ, ತಳದ ಹಿಟ್ಟಿನ ಕಣ ಬರದಂತೆ ಬಟ್ಟೆಯಲ್ಲಿ ಸೋಸಿ. ಹಿಟ್ಟಿನ ನೀರು ಬಿಸಿ ಎಣ್ಣೆಗೆ ಸೇರಿ ಹೊಸದಾಗಿ ಬಿಡಿ ಆಮ್ಲ ಹುಟ್ಟಿಸಿರುತ್ತದೆ, ಹಾಗಾಗಿ ಎರಡನೇ ಸಲ ಅದು ಮೊದಲಿಗಿಂತ ಕಡಿಮೆ ಕಾವಿಗೇ ಹೊಗೆ ಬಿಡುತ್ತದೆ. ಮತ್ತೆ ಕರಿಯಲು ಇಡಬೇಡಿ, ಒಗ್ಗರಣೆಗೆ ಹಾಕಿ ವಾರದೊಳಗೆ ಮುಗಿಸಿ. ಮೊದಲ ಎಣ್ಣೆ ಕಡಿಮೆಯಾದರೆ ಹೊಸದನ್ನು ಅದಕ್ಕೆ ಸೇರಿಸುವ ಬದಲು, ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು ನಾಲ್ಕು ನಾಲ್ಕೇ ಚಕ್ಕಲಿ ಬಿಡಿ.

ಹಡಪ್ಸರ್ ಅಡಗಿಮನಿ, ಪುಣೆ

ಆತ್ರಿ ಸರ್. ನಾಳೆ ಮಂಡಈ ಕಡೆ ಹೋಗತೇನಿ, ಗಾಣದವರ ಹತ್ರ ಚೀಟಿ ಕೇಳತೇನಿ.